ಒಲ್ಲೆ ಅಂದದ್ದು ಒಳ್ಳೆ ಆದಾಗ: ಒಂದು ಕಾಲ್‌ನ ಪ್ರಕರಣ

ಕಾಲ್ ಮುಗಿದ ಹತ್ತು ನಿಮಿಷಕ್ಕೆ ಎಲ್ಲರ ಮೇಲ್‌ಗೂ ಸಾರಾಂಶ ಹೋಗಿತ್ತು. ಅದರಲ್ಲಿ ಒಂದು ಸಾಲು ಹೀಗಿತ್ತು: "ಸಭೆಯನ್ನು ರೆಕಾರ್ಡ್ ಮಾಡುವುದು ಒಳ್ಳೆಯದು ಎಂದು ಸದಸ್ಯರೊಬ್ಬರು ಅಭಿಪ್ರಾಯಪಟ್ಟರು."

ಆ ಸದಸ್ಯರು ನಿಜವಾಗಿ ಹೇಳಿದ್ದು "ನಾ ಒಲ್ಲೆರಿ" ಅಂತ.

ನಮ್ಮ ಕಡೆ ಒಲ್ಲೆ ಅಂದರೆ ಬೇಡ, ನನಗೆ ಮನಸ್ಸಿಲ್ಲ ಅಂತ. ಹಾವೇರಿ, ಗದಗ, ಧಾರವಾಡದಲ್ಲಿ ಸಣ್ಣ ಮಗುವೂ ಊಟ ಸಾಕಾದರೆ ಒಲ್ಲೆ ಅನ್ನುತ್ತದೆ. ಮಾತು ಕೇಳಿ ಬರೆಯುವ ಯಂತ್ರ ಅದನ್ನು ಒಳ್ಳೆ ಅಂತ ಬರೆದುಕೊಂಡಿತು. ಸಾರಾಂಶ ಮಾಡುವ ಯಂತ್ರ ಆ ಒಂದು ಪದಕ್ಕೆ ಬಾಲ ಮೂಡಿಸಿ ಪೂರ್ತಿ ವಾಕ್ಯ ಮಾಡಿತು. ತಕರಾರು ಒಪ್ಪಿಗೆಯಾಗಿ, ಅಚ್ಚುಕಟ್ಟಾದ ಕನ್ನಡದಲ್ಲಿ, ಒಂಬತ್ತು ಮೇಲ್ ವಿಳಾಸಗಳಿಗೆ ತಲುಪಿತು.

ಯಂತ್ರ ತಪ್ಪು ಕೇಳಿಸಿಕೊಂಡದ್ದು ಈ ಕಥೆಯ ಒಂದು ಭಾಗ ಮಾತ್ರ. ಅದಕ್ಕಿಂತ ಮೊದಲೇ ನಾನು ಸರಿಯಾಗಿ ಕೇಳಿರಲಿಲ್ಲ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಬರೆಯುವ ಮೊದಲು ಆ ಅಕ್ಕನನ್ನು ಕೇಳಿದ್ದೇನೆ. ಹೆಸರು, ಊರು ಬೇಡ ಅಂದರು. ಹಾಕಿಲ್ಲ.

ಆ ಸಂಜೆ ಏನಾಯಿತು

ನಾನು ಧಾರವಾಡದಲ್ಲಿ ಕೂತು ರೈತರ ಗುಂಪುಗಳಿಗೆ ಆನ್‌ಲೈನ್ ಮೀಟಿಂಗ್ ನಡೆಸಿಕೊಡುತ್ತೇನೆ. ಲಿಂಕ್ ಕಳಿಸುವುದು, ಖರೀದಿದಾರರನ್ನು ಕರೆಸುವುದು, ಆಮೇಲೆ ನಡೆದದ್ದನ್ನು ಬರೆದು ಕೊಡುವುದು ನನ್ನ ಕೆಲಸ. ಈ ಗುಂಪು ಬ್ಯಾಡಗಿ ಸುತ್ತಿನದು. ಮೆಣಸಿನಕಾಯಿ ಬೆಳೆಯುವವರು. ಫೆಬ್ರುವರಿ ತಿಂಗಳು, ಮಾರ್ಕೆಟ್‌ಗೆ ಮಾಲು ಜೋರಾಗಿ ಬರುವ ಕಾಲ. ಕೈಯಲ್ಲಿರುವ ಚೀಲಗಳನ್ನು ಈಗಲೇ ಕೊಡಬೇಕೋ, ಕೋಲ್ಡ್ ಸ್ಟೋರೇಜ್‌ನಲ್ಲಿ ಇಡಬೇಕೋ ಅನ್ನುವುದು ಆ ದಿನದ ಮಾತು. ಮೊದಲ ಅರ್ಧ ಗಂಟೆ ಖರೀದಿದಾರರ ಪ್ರತಿನಿಧಿ ಇರುತ್ತಾರೆ. ಅವರು ಹೋದ ಮೇಲೆ ಗುಂಪಿನ ಒಳಗಿನ ಲೆಕ್ಕ.

ಸ್ಕ್ರೀನ್ ಮೇಲೆ ಒಂಬತ್ತು ಚೌಕಗಳಿದ್ದವು. ನಿಜಕ್ಕೂ ಕೇಳುತ್ತಿದ್ದವರು ಹದಿನಾಲ್ಕು ಜನ. ಒಂದೇ ಫೋನ್ ಮುಂದೆ ಮೂವರು ಹೆಣ್ಣುಮಕ್ಕಳು ಕೂತಿದ್ದರು. ಇನ್ನೊಬ್ಬರು ತಮ್ಮ ಸ್ಮಾರ್ಟ್‌ಫೋನ್ ಪಕ್ಕ ಕೀಪ್ಯಾಡ್ ಫೋನ್ ಸ್ಪೀಕರ್ ಹಾಕಿ ಇಟ್ಟು, ಹೊಲದಲ್ಲಿದ್ದ ಅಣ್ಣನಿಗೆ ಕೇಳಿಸುತ್ತಿದ್ದರು. ಇದು ನಮ್ಮ ಕಡೆ ದಿನನಿತ್ಯದ ಪದ್ಧತಿ. ಆದರೆ ಆ್ಯಪ್‌ಗೆ ಚೌಕ ಮಾತ್ರ ಗೊತ್ತು, ಅದರ ಹಿಂದೆ ಎಷ್ಟು ಜನ ಕೂತಿದ್ದಾರೆ ಅಂತ ಗೊತ್ತಿಲ್ಲ.

ನಾನು ರೆಕಾರ್ಡಿಂಗ್ ಹಾಕಿದೆ. ಸಾರಾಂಶ ಬರೆಯುವುದನ್ನೂ ಹಾಕಿದೆ. ಎಲ್ಲರ ಸ್ಕ್ರೀನ್ ಮೇಲೂ ಇಂಗ್ಲಿಷ್‌ನಲ್ಲಿ ಒಂದು ಪಟ್ಟಿ ಬಂದು ಹೋಯಿತು, ಮೂಲೆಯಲ್ಲಿ ಕೆಂಪು ಚುಕ್ಕೆ ಉಳಿಯಿತು. ಬಾಯಿಂದಲೂ ಹೇಳಿದೆ: "ಮೀಟಿಂಗ್ ರೆಕಾರ್ಡ್ ಆಗ್ತಾ ಇದೆ, ಯಾರದೂ ತಕರಾರಿಲ್ಲ ಅಲ್ವಾ?" ಯಾರೂ ಮಾತಾಡಲಿಲ್ಲ. ಮುಂದೆ ಹೋದೆ.

ಆ ಪ್ರಶ್ನೆಯನ್ನು ಈಗ ನೋಡಿದರೆ ಅದು ಪ್ರಶ್ನೆಯೇ ಅಲ್ಲ. ಎಲ್ಲರ ಮೈಕ್ ಬಂದ್ ಇತ್ತು, ನಾನೇ ಬಂದ್ ಮಾಡಿಸಿದ್ದೆ. ಬೇಡ ಅನ್ನಬೇಕಾದವರು ಮೈಕ್ ಹಚ್ಚಿ, ಖರೀದಿದಾರರ ಮುಂದೆ, ಹಿರಿಯರ ಮುಂದೆ ಒಬ್ಬರೇ ಮಾತಾಡಬೇಕಿತ್ತು. ಅದೂ ಯಂತ್ರ ಆಗಲೇ ಓಡುತ್ತಿರುವಾಗ. ಸಾರಾಂಶದ ಮಾತನ್ನಂತೂ ನಾನು ಎತ್ತಲೇ ಇಲ್ಲ. ರೆಕಾರ್ಡ್ ಅಂದರೆ ಅದೂ ಸೇರಿತು ಅಂದುಕೊಂಡಿದ್ದೆ.

ಎಂಟು ಗಂಟೆಗೆ ಪ್ರತಿನಿಧಿ ನಮಸ್ಕಾರ ಹೇಳಿ ಹೋದರು. ಒಳಗಿನ ಲೆಕ್ಕ ಶುರುವಾಯಿತು. ಗುಂಪಿನ ಒಬ್ಬ ಸದಸ್ಯೆ ಗೊಬ್ಬರಕ್ಕೆ ಮುಂಗಡ ತೆಗೆದುಕೊಂಡಿದ್ದರು. ಅವರ ಚೀಲಗಳಲ್ಲಿ ಅದನ್ನು ಹಿಡಿದುಕೊಳ್ಳಬೇಕೋ ಬೇಡವೋ ಅಂತ ಮಾತು ಬಂತು. ಅವರು ಆ ದಿನ ಕಾಲ್‌ನಲ್ಲಿ ಇರಲಿಲ್ಲ. ಲೆಕ್ಕ ನೋಡುವ ಅಕ್ಕ ಮಾತಾಡುತ್ತಾ ಮಾತಾಡುತ್ತಾ ನಿಂತರು.

"ಸರ್, ಇದು ರೆಕಾರ್ಡ್ ಆಗಾಕತ್ತೈತೇನ್ರಿ?"

"ಹೌದ್ರಿ ಅಕ್ಕಾ, ಶುರುವಿಗೇ ಹೇಳಿದ್ನಲ್ರಿ."

"ನನಗ ಕೇಳಿಸಿಲ್ರಿ, ನಾ ಆಮ್ಯಾಲ ಬಂದೇನಿ. ನಾ ಒಲ್ಲೆರಿ. ಈ ಮಾತು ತುಂಬಬ್ಯಾಡ್ರಿ."

ಹಿರಿಯರೊಬ್ಬರು ನಡುವೆ ಬಾಯಿ ಹಾಕಿದರು: "ಇರಲಿ ಬಿಡವಾ, ಏನಾಗೂದೈತಿ. ಮುಚ್ಚಿಡೂದೇನೈತಿ?" ಯಾರೋ ನಕ್ಕರು. ನಾನು "ಆಯ್ತ್ರಿ ಅಕ್ಕಾ, ಈ ವಿಷಯ ಮುಗಿಸಿ ನಿಲ್ಲಿಸೋಣ" ಅಂದೆ. ಆ ವಿಷಯ ಮುಗಿಯಲು ಆರು ನಿಮಿಷ ಬೇಕಾಯಿತು. ಆಮೇಲೆ ರೆಕಾರ್ಡಿಂಗ್ ನಿಲ್ಲಿಸಿದೆ. ಕೆಂಪು ಚುಕ್ಕೆ ಹೋಯಿತು. ನಿಂತಿತು ಅಂತ ಎಲ್ಲರಿಗೂ ಹೇಳಿದೆ.

ನಿಂತಿರಲಿಲ್ಲ.

ಮೂರು ವಸ್ತು, ಮೂರು ಗುಂಡಿ

ಒಂದು ಕಾಲ್‌ನಿಂದ ಹುಟ್ಟುವುದು ಒಂದು ಕಡತವಲ್ಲ. ಧ್ವನಿ ಅಥವಾ ವಿಡಿಯೋ ಒಂದು. ಯಾರು ಏನು ಅಂದರು ಅಂತ ಮಾತಿಗೆ ಮಾತು ಇಳಿಸಿದ ಬರಹ ಇನ್ನೊಂದು. ಆ ಬರಹವನ್ನು ಓದಿ ಯಂತ್ರ ಬರೆಯುವ ಸಾರಾಂಶ ಮೂರನೆಯದು. ನಾವು ಬಳಸುತ್ತಿದ್ದ ಆ್ಯಪ್‌ನಲ್ಲಿ ಇವಕ್ಕೆ ಬೇರೆ ಬೇರೆ ಗುಂಡಿಗಳಿದ್ದವು. ರೆಕಾರ್ಡಿಂಗ್ ನಿಲ್ಲಿಸಿದರೂ ಸಾರಾಂಶ ಕೇಳುತ್ತಲೇ ಇತ್ತು. ಕೆಂಪು ಚುಕ್ಕೆ ಆರಿದ ಮೇಲೆ ಅಕ್ಕ ಧೈರ್ಯವಾಗಿ ಇನ್ನೂ ನಾಲ್ಕು ಮಾತು ಹೇಳಿದ್ದರು. ಸಾರಾಂಶದಲ್ಲಿ ಆ ನಾಲ್ಕೂ ಬಂದಿದ್ದವು. ನನಗೆ ಈಗಲೂ ಹೆಚ್ಚು ಕಾಡುವುದು ಇದೇ.

ಇನ್ನೊಂದು ಇತ್ತು. ಪ್ರತಿನಿಧಿ ಹೋದರು ಅಂದೆನಲ್ಲ, ಅವರು ಮಾತ್ರ ಹೋಗಿದ್ದರು. ಅವರ ಹೆಸರಿನ ಪಕ್ಕ "Notetaker" ಅಂತ ಬರೆದಿದ್ದ ಇನ್ನೊಂದು ಚೌಕ ಕಾಲ್ ಮುಗಿಯುವ ತನಕ ಇತ್ತು. ಅದು ಅವರ ಆಫೀಸಿನವರು ಕ್ಯಾಲೆಂಡರ್‌ಗೆ ಜೋಡಿಸಿದ್ದ ಟಿಪ್ಪಣಿ ಯಂತ್ರ. ಇಂಥ ಯಂತ್ರ ಸದಸ್ಯರ ಹಾಗೆಯೇ ಲಿಂಕ್ ಹಿಡಿದು ಒಳಗೆ ಬರುತ್ತದೆ. ಕರೆತಂದವರು ಹೊರಗೆ ಹೋದರೂ ತಾನು ಕೂತಿರುತ್ತದೆ, ಯಾರಾದರೂ ತೆಗೆದು ಹಾಕುವ ತನಕ ಅಥವಾ ಕಾಲ್ ಮುಗಿಯುವ ತನಕ. ಅವರೇ ಇನ್ನೊಂದು ಫೋನ್‌ನಿಂದ ಬಂದಿದ್ದಾರೆ ಅಂದುಕೊಂಡು ನಾನು ಅದನ್ನು ಒಳಗೆ ಬಿಟ್ಟುಕೊಂಡಿದ್ದೆ. ಗುಂಪಿನ ಒಳಗಿನ ಮುಂಗಡದ ಲೆಕ್ಕ ಖರೀದಿದಾರರ ಯಂತ್ರಕ್ಕೆ ಪೂರ್ತಿ ಕೇಳಿತ್ತು.

ಇದೆಲ್ಲ ಹೊರಬಿದ್ದದ್ದು ಮರುದಿನ ಬೆಳಗ್ಗೆ. ಅಕ್ಕನ ಫೋನ್‌ನಲ್ಲಿರುವ ಮೇಲ್ ಖಾತೆ ಮಗನದು. ಸಾರಾಂಶ ಹೋದದ್ದು ಮಗನಿಗೆ. ಹುಬ್ಬಳ್ಳಿಯಲ್ಲಿ ಓದುವ ಹುಡುಗ ಅದನ್ನು ಓದಿ ತಾಯಿಗೆ ಫೋನ್ ಮಾಡಿದ್ದಾನೆ. "ರೆಕಾರ್ಡ್ ಮಾಡೂದು ಒಳ್ಳೇದು ಅಂದೀಯಂತ?" ಅಂದಿದ್ದಾನೆ. ಅಕ್ಕ ನನಗೆ ಫೋನ್ ಮಾಡಿ ಬೈಯಲಿಲ್ಲ. "ಸರ್, ನಾ ಒಲ್ಲೆ ಅಂದಿದ್ದು ನೀವು ಕೇಳಿದ್ರಿಲ್ರಿ?" ಅಂದರು. ಅಷ್ಟೇ.

ಅಳಿಸುವ ನಾಲ್ಕು ದಿನ

ಅಳಿಸುವುದು ಒಂದು ಗುಂಡಿ ಒತ್ತುವ ಕೆಲಸ ಅಂತ ತಿಳಿದಿದ್ದೆ. ಹಾಗಲ್ಲ. ಮೊದಲು ನಮ್ಮ ಖಾತೆಯ ವಿಡಿಯೋ ಅಳಿಸಿದೆ. ಅದು ಕಸದ ಬುಟ್ಟಿಗೆ ಹೋಯಿತು, ಅಲ್ಲಿಂದಲೂ ತೆಗೆದೆ. ಸುಮ್ನೆ ಬಿಟ್ಟಿದ್ದರೆ 30 ದಿನ ಅಲ್ಲೇ ಇರುತ್ತಿತ್ತು. ಮಾತಿಗೆ ಮಾತು ಇಳಿಸಿದ ಬರಹ ಬೇರೆ ಫೋಲ್ಡರ್‌ನಲ್ಲಿತ್ತು. ಸಾರಾಂಶದ ಕಡತ ಮೀಟಿಂಗ್‌ನ ಕ್ಯಾಲೆಂಡರ್ ಕರೆಯೋಲೆಗೆ ಅಂಟಿಕೊಂಡಿತ್ತು. ಕಡತ ಅಳಿಸಿದರೆ ಲಿಂಕ್ ಸತ್ತುಹೋಗುತ್ತದೆ. ಆದರೆ ಮುಖ್ಯ ಅಂಶಗಳು ಮೇಲ್‌ನ ಒಡಲಲ್ಲೇ ಬಂದಿದ್ದವು. ಹೋದ ಮೇಲ್ ವಾಪಸ್ ಬರುವುದಿಲ್ಲ.

ಹಾಗಾಗಿ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಏನು ತಪ್ಪಾಯಿತು ಅಂತ ನೇರವಾಗಿ ಹೇಳಿ, ಅಳಿಸಿ ಅಂತ ಕೇಳಿದೆ. ಹೆಚ್ಚಿನವರು ಫೋನ್‌ನಲ್ಲೇ ಇದ್ದು ಅಳಿಸಿದರು. ಒಬ್ಬರಿಗೆ ತಮ್ಮ ಮೇಲ್‌ನ ಪಾಸ್‌ವರ್ಡೇ ನೆನಪಿರಲಿಲ್ಲ, ಅದು ಅಂಗಡಿಯವನು ಮಾಡಿಕೊಟ್ಟ ಖಾತೆ. ಇನ್ನೊಬ್ಬರು ಇಳಿಸಿಕೊಂಡು ಓದಿಯೇ ಬಿಟ್ಟಿದ್ದರು. ಓದಿದ್ದನ್ನು ಅಳಿಸುವುದಕ್ಕೆ ಆಗುತ್ತದೆಯೇ? ಖರೀದಿದಾರರ ಪ್ರತಿನಿಧಿ ಒಳ್ಳೆಯ ಮನುಷ್ಯ. ಆದರೆ ಆ ಯಂತ್ರದ ಖಾತೆ ಅವರ ಕೈಯಲ್ಲಿರಲಿಲ್ಲ, ಆಫೀಸಿನಲ್ಲಿತ್ತು. ನಾಲ್ಕನೇ ದಿನ, ಅಳಿಸಿದ್ದರ ಸ್ಕ್ರೀನ್‌ಶಾಟ್ ಕಳಿಸಿದರು. ಆ ಸ್ಕ್ರೀನ್‌ಶಾಟ್ ಬಿಟ್ಟರೆ ಬೇರೆ ಪುರಾವೆ ನಮಗೆ ಸಿಗುವಂತಿರಲಿಲ್ಲ.

ಆ ವಾರವೇ ಬಸ್ ಹತ್ತಿ ಅಕ್ಕನ ಮನೆಗೆ ಹೋದೆ. ಅಂಗಳದ ತುಂಬ ಕಾಯಿ ಹರವಿತ್ತು. ಅವರು ಕೂತು ತೊಟ್ಟು ಬಿಡಿಸುತ್ತಲೇ ಮಾತಾಡಿದರು. ತಮ್ಮ ಧ್ವನಿ ದಾಖಲಾಗುವುದಕ್ಕೆ ಅವರಿಗೆ ಹೆದರಿಕೆ ಇದೆ ಅಂತ ನಾನು ತಿಳಿದಿದ್ದೆ. ಅದಲ್ಲ.

"ನನ್ನ ಮಾತಿಗೆ ನಾ ಹೆದರಂಗಿಲ್ರಿ. ಅಕಿ ಅಲ್ಲಿ ಇರಲಿಲ್ಲ. ಅಕಿ ಇಲ್ದಾಗ ಅಕಿ ರೊಕ್ಕದ ಮಾತು ತುಂಬಿ ಇಟ್ರ, ನಾಳೆ ಅಕಿ ಮುಖ ನಾ ಹ್ಯಾಂಗ್ ನೋಡ್ಲಿ?"

ಮುಂಗಡ ತೆಗೆದುಕೊಂಡಿದ್ದ ಆ ಸದಸ್ಯೆಯ ಮನೆಗೆ ಇಬ್ಬರೂ ನಡೆದು ಹೋದೆವು. ಹೇಳದೆ ಮುಚ್ಚಿಡುವ ಹಾಗಿರಲಿಲ್ಲ, ಅವರ ವಿಷಯ ಅವರಿಗೆ ಗೊತ್ತಿಲ್ಲದೆ ಹೊರಗೆ ಹೋಗಿತ್ತು. ಅವರು ಕೇಳಿದ್ದು ಒಂದೇ: "ಅದರಾಗ ನನ್ನ ಬಗ್ಗೆ ಹ್ಯಾಂಗ್ ಬರದೈತಿ, ಓದ್ರಿ." ಓದಿದೆ. "ಸಾಲ ಮರುಪಾವತಿಯಲ್ಲಿ ವಿಫಲರಾದ ಸದಸ್ಯೆ" ಅಂತಿತ್ತು. ಕಾಲ್‌ನಲ್ಲಿ ಅಕ್ಕ ಅಂದಿದ್ದು "ಇನ್ನಾ ಕೊಟ್ಟಿಲ್ಲ" ಅಂತ. ಕೊಡುವ ಗಡುವು ಯುಗಾದಿ ಆದ ಮೇಲೆ. ಗಡುವು ಇನ್ನೂ ಬಂದೇ ಇರಲಿಲ್ಲ.

ರೆಕಾರ್ಡಿಂಗ್‌ಗೂ ಸಾರಾಂಶಕ್ಕೂ ಇರುವ ವ್ಯತ್ಯಾಸ ನನಗೆ ಅಲ್ಲಿ ಪೂರ್ತಿ ಅರ್ಥವಾಯಿತು. ಒಂದು ತಾಸಿನ ಧ್ವನಿಯಲ್ಲಿ ಅಕ್ಕ ಅಂದ ಆ ಎರಡು ಪದವನ್ನು ಯಾರೂ ಹುಡುಕಿ ಕೇಳುವುದಿಲ್ಲ. ಕೇಳಿದರೂ ಅವರ ದನಿಯಲ್ಲಿ ಅದು ತಕರಾರಲ್ಲ, ಬರೀ ಲೆಕ್ಕ ಅಂತ ಗೊತ್ತಾಗುತ್ತದೆ. ಸಾರಾಂಶ ಅದನ್ನು ಹೆಕ್ಕಿ, ದನಿ ತೆಗೆದು, ಗಡುವು ಬಿಟ್ಟು, ಎರಡನೇ ಸಾಲಿನಲ್ಲಿ ನಿಲ್ಲಿಸುತ್ತದೆ. ಧ್ವನಿ ಇಡುವುದಕ್ಕೆ ಒಪ್ಪಿದವರು ಇದಕ್ಕೆ ಒಪ್ಪಿದ ಹಾಗಲ್ಲ. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿಯೇ ಕೇಳಬೇಕು.

ಮುಂದಿನ ಕಾಲ್‌ಗೆ ಏನು ಬದಲಾಯಿತು

ಎರಡು ವಾರದ ಮೇಲೆ ಮತ್ತೆ ಕಾಲ್ ಇತ್ತು. ಹಿಂದಿನ ದಿನವೇ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಹಾಕಿದೆ. ಬರೆದು ಹಾಕಿದರೆ ಓದದವರು ಇದ್ದಾರೆ. ಮಾತು ಹೀಗಿತ್ತು:

"ನಮಸ್ಕಾರ್ರಿ. ನಾಳೆ ಸಂಜಿ ಏಳೂವರಿಗೆ ಮೀಟಿಂಗ್ ಐತ್ರಿ. ಮೊದಲ ಅರ್ಧ ತಾಸು ಖರೀದಿದಾರರ ಜೋಡಿ ರೇಟಿನ ಮಾತು. ಆ ಭಾಗ ಅಷ್ಟ ರೆಕಾರ್ಡ್ ಮಾಡಬೇಕಂತ ಮಾಡೇವ್ರಿ, ಯಾಕಂದ್ರ ರೇಟು, ಚೀಲದ ಲೆಕ್ಕದಾಗ ಆಮ್ಯಾಲ ತಕರಾರು ಬರಬಾರದು. ಅದನ್ನ ಕೇಳಾಕ ಬರೂದು ನಾನು, ಅಧ್ಯಕ್ಷರು ಇಬ್ಬರಿಗೆ ಅಷ್ಟ. ಮಾಲಿನ ರೊಕ್ಕ ಕೈಗೆ ಬಂದ ಮ್ಯಾಲ ಅಳಸ್ತೀವಿ. ಇನ್ನೊಂದು ಐತಿ, ಕಂಪ್ಯೂಟರ್ ತಾನ ಕೇಳಿ ಸಾರಾಂಶ ಬರಿತೈತಿ. ಅದು ಬೇಕೋ ಬ್ಯಾಡೋ ಬ್ಯಾರೆ ಹೇಳ್ರಿ. ಯಾವುದರ ಬ್ಯಾಡ ಅನ್ನಿಸಿದ್ರ ನನಗೊಬ್ಬಗ ಫೋನ್ ಮಾಡ್ರಿ. ಕಾರಣ ಹೇಳೂದು ಬ್ಯಾಡ. ಒಬ್ಬರು ಬ್ಯಾಡ ಅಂದ್ರೂ ನಾ ಕೈಲೆ ಬರಕೊಂತೀನಿ, ಮೀಟಿಂಗ್ ನಡದ ನಡಿತೈತಿ."

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಕೊನೆಯ ಮೂರು ಮಾತು. ಬೇಡ ಅನ್ನುವುದಕ್ಕೆ ಒಂಟಿ ದಾರಿ ಇರಬೇಕು, ಎಲ್ಲರ ಮುಂದೆ ಅಲ್ಲ. ಕಾರಣ ಕೇಳಬಾರದು, ಯಾಕಂದರೆ ಅಕ್ಕನ ಕಾರಣದಲ್ಲಿ ಇನ್ನೊಬ್ಬರ ಗುಟ್ಟಿತ್ತು. ಅದನ್ನು ಹೇಳಿಸಿದ್ದರೆ ಕಾಯಬೇಕಾದದ್ದೇ ಬಯಲಾಗುತ್ತಿತ್ತು. ಮತ್ತೆ ಬೇಡ ಅಂದರೆ ಏನಾಗುತ್ತದೆ ಅನ್ನುವುದು ಅದೇ ಉಸಿರಿನಲ್ಲಿ ಗೊತ್ತಾಗಬೇಕು. ಇಲ್ಲದಿದ್ದರೆ ತಮ್ಮಿಂದ ಮೀಟಿಂಗೇ ನಿಲ್ಲುತ್ತದೆ ಅಂತ ಹೆದರಿ ಜನ ಸುಮ್ನೆ ಇರುತ್ತಾರೆ.

"ಒಪ್ಪಿಗೆ ಇಲ್ಲದವರು ಕಾಲ್ ಬಿಟ್ಟು ಹೋಗಬಹುದು" ಅಂತ ಶುರುವಿನಲ್ಲಿ ಹೇಳಿ ಮುಗಿಸುವವರು ಬಹಳ ಜನ ಇದ್ದಾರೆ. ಸುಮ್ನೆ ಕೇಳಿ ಹೋಗುವ ದೊಡ್ಡ ಉಪನ್ಯಾಸಕ್ಕೆ ಅದು ನಡೆದೀತು. ತನ್ನ ಚೀಲದ ರೇಟು ತೀರ್ಮಾನ ಆಗುವ ಕಾಲ್‌ನಿಂದ ರೈತ ಎದ್ದು ಹೋಗಬೇಕೇ? ಅಲ್ಲಿ ಅದು ಆಯ್ಕೆಯಲ್ಲ, ಒತ್ತಾಯ.

ಇಬ್ಬರು ಫೋನ್ ಮಾಡಿದರು. ಅಕ್ಕ ರೇಟಿನ ಭಾಗ ರೆಕಾರ್ಡ್ ಆಗಲಿ, ಸಾರಾಂಶ ಬೇಡ ಅಂದರು. ಇನ್ನೊಬ್ಬ ಕಾಕಾ ಎರಡೂ ಬೇಡ ಅಂದರು. ಕಾರಣ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹಾಗಾಗಿ ಎರಡೂ ಬಂದ್. ಯಾರು ಬೇಡ ಅಂದರು ಅಂತ ಗುಂಪಿಗೆ ಹೇಳಲಿಲ್ಲ. "ಈ ಸಲ ಕೈಬರಹ" ಅಂತ ಅಷ್ಟೇ ಹಾಕಿದೆ.

ತಕರಾರು ಬಂದದ್ದು ಖರೀದಿದಾರರ ಕಡೆಯಿಂದ. ತಮ್ಮ ಆಫೀಸಿಗೆ ರೆಕಾರ್ಡ್ ಬೇಕೇ ಬೇಕು ಅಂದರು ಪ್ರತಿನಿಧಿ. ಯಾತಕ್ಕೆ ಅಂತ ಕೇಳಿದೆ. ಒಪ್ಪಿದ ರೇಟು, ಚೀಲ, ಮಾಲು ಎತ್ತುವ ದಿನ ಆಮೇಲೆ ಬದಲಾಗಬಾರದು ಅನ್ನುವುದು ಅವರ ಚಿಂತೆ. ಅದಕ್ಕೆ ಒಂದು ತಾಸಿನ ವಿಡಿಯೋ ಬೇಕಿಲ್ಲ. ಕಾಲ್ ಮುಗಿಯುವ ಮೊದಲು ಆ ಮೂರನ್ನೂ ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಬರೆದು, ಅಧ್ಯಕ್ಷರೂ ಅವರೂ ಅಲ್ಲೇ "ಸರಿ" ಅಂತ ಉತ್ತರ ಹಾಕಿದರು. ಅವರ ಆಫೀಸು ಒಪ್ಪಿತು. ಬಹಳ ಸಲ ರೆಕಾರ್ಡ್ ಬೇಕು ಅನ್ನುವವರಿಗೆ ಬೇಕಿರುವುದು ಒಂದೆರಡು ಅಂಕಿಯ ಪುರಾವೆ. ಅದನ್ನು ಕೇಳಿ ತಿಳಿದುಕೊಂಡರೆ ಇಬ್ಬರಿಗೂ ದಾರಿ ಸಿಗುತ್ತದೆ.

ಕಾಲ್ ಶುರುವಾದಾಗ ಯಾವ ಯಂತ್ರವೂ ಓಡುತ್ತಿರಲಿಲ್ಲ. ಮೊದಲ ಎರಡು ನಿಮಿಷ ಒಂದೊಂದು ಚೌಕವನ್ನೂ ಕರೆದು ಕೇಳಿದೆ: "ನಿಮ್ಮ ಫೋನ್ ಮುಂದ ಯಾರ್ಯಾರು ಕೂತೀರಿ?" ಹೆಸರು ಪುಸ್ತಕದಲ್ಲಿ ಬರೆದುಕೊಂಡೆ. ಹಿಂದಿನ ಸಾರಾಂಶದಲ್ಲಿ ಮೂವರು ಹೆಣ್ಣುಮಕ್ಕಳ ಮಾತೂ ಒಂದೇ ಹೆಸರಿಗೆ, ಅದೂ ಫೋನ್‌ನ ಯಜಮಾನರ ಹೆಸರಿಗೆ ಬಿದ್ದಿತ್ತು. ಅವರು ಆ ದಿನ ಮನೆಯಲ್ಲೇ ಇರಲಿಲ್ಲ. ಖರೀದಿದಾರರ ಯಂತ್ರ ಈ ಸಲವೂ ಬಾಗಿಲಲ್ಲಿ ಬಂದು ನಿಂತಿತು. ಒಳಗೆ ಬಿಡಲಿಲ್ಲ. ಪ್ರತಿನಿಧಿಗೆ "ನಿಮ್ಮ ಟಿಪ್ಪಣಿ ಯಂತ್ರ ಹೊರಗೆ ಕಾಯ್ತಾ ಇದೆ, ಬಿಟ್ಟುಕೊಂಡಿಲ್ಲ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಒಳಗಿನ ಲೆಕ್ಕಕ್ಕೆ ಆ ಕಾಲನ್ನೇ ಮುಗಿಸಿ, ಬೇರೆ ಲಿಂಕ್ ಕೊಟ್ಟು ಮತ್ತೆ ಸೇರಿದೆವು. ಹಳೇ ಲಿಂಕ್‌ಗೆ ಜೋಡಿಸಿದ ಯಾವ ಯಂತ್ರವೂ ಹೊಸ ಲಿಂಕ್‌ಗೆ ತಾನಾಗಿ ಬರುವುದಿಲ್ಲ.

ಯಂತ್ರ ಬಂದ್ ಇರುವಾಗಲೇ ಕೇಳುವುದಕ್ಕೆ ಇನ್ನೊಂದು ಕಾರಣ ಇದೆ. ಒಲ್ಲೆ ಅನ್ನುವ ಮಾತು ಯಂತ್ರದ ಕಿವಿಗೆ ಬೀಳಬಾರದು, ಮನುಷ್ಯರ ಕಿವಿಗೆ ಬೀಳಬೇಕು. ಯಂತ್ರಕ್ಕೆ ಅರ್ಥವಾಗಲಿ ಅಂತ "ಬೇಡ ಅನ್ನಿ, ಒಲ್ಲೆ ಅನ್ನಬೇಡಿ" ಅಂತ ಜನರಿಗೆ ಹೇಳಿಕೊಡಲು ನನಗೆ ಮನಸ್ಸು ಬರಲಿಲ್ಲ. ಅದು ಅವರ ಮಾತು.

ಆಮೇಲೆ ಒಂದು ತಿಂಗಳಲ್ಲಿ, ಎಲ್ಲರೂ ಒಪ್ಪಿ ರೆಕಾರ್ಡ್ ಹಾಕಿದ್ದ ಇನ್ನೊಂದು ಕಾಲ್‌ನಲ್ಲಿ ನಡುವೆ ಒಬ್ಬರು ಬೇಡ ಅಂದರು. ಈ ಸಲ ವಿಷಯ ಮುಗಿಯಲಿ ಅನ್ನಲಿಲ್ಲ. ಮಾತನ್ನು ಅರ್ಧಕ್ಕೇ ತಡೆದು ಧ್ವನಿ, ಬರಹ, ಸಾರಾಂಶ ಮೂರನ್ನೂ ನಿಲ್ಲಿಸಿದೆ, ನಿಲ್ಲಿಸಿದ್ದನ್ನು ಒಂದೊಂದಾಗಿ ಹೇಳಿದೆ. ಆಮೇಲೆ ಅವರನ್ನೇ ಕೇಳಿದೆ: ಇಲ್ಲಿಯ ತನಕದ್ದು ಇರಲೋ, ಅದೂ ಹೋಗಲೋ? ಈ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ನಿಲ್ಲಿಸಿದರೆ ಮುಂದಿನದು ಮಾತ್ರ ನಿಲ್ಲುತ್ತದೆ, ಹಿಂದಿನದು ಹಾಗೇ ಇರುತ್ತದೆ. ಅವರು ಹಿಂದಿನದು ಇರಲಿ ಅಂದರು. ತಡವಾಗಿ ಬಂದವರಿಗೂ ಇದೇ ಕ್ರಮ. ಬಂದ ಕೂಡಲೇ ಮಾತು ನಿಲ್ಲಿಸಿ, ರೆಕಾರ್ಡ್ ತಡೆದು, ಅವರೊಬ್ಬರಿಗೆ ಹೇಳಿ ಕೇಳುವುದು. ಹದಿನೈದು ಸೆಕೆಂಡಿನ ಕೆಲಸ.

ಕಾನೂನು, ಮತ್ತೆ ಕೈಗೆ ಸಿಗದ್ದು

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 5 ಮತ್ತು 6ನೇ ಸೆಕ್ಷನ್‌ಗಳು ಇದನ್ನೇ ಹೇಳುತ್ತವೆ. ಯಾವ ಮಾಹಿತಿ, ಯಾತಕ್ಕೆ ಅಂತ ಮೊದಲು ತಿಳಿಸಬೇಕು. ಒಪ್ಪಿಗೆ ಒತ್ತಾಯವಿಲ್ಲದ್ದು, ನಿರ್ದಿಷ್ಟವಾದದ್ದು, ಸ್ಪಷ್ಟವಾದದ್ದು ಇರಬೇಕು. ಕೊಟ್ಟಷ್ಟೇ ಸುಲಭವಾಗಿ ವಾಪಸ್ ತೆಗೆದುಕೊಳ್ಳಲು ಬರಬೇಕು. ತಿಳಿಸುವ ಪತ್ರ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಸಿಗಬೇಕು, ಅಂದರೆ ಕನ್ನಡದಲ್ಲಿ ಕೇಳುವ ಹಕ್ಕಿದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಭಾಗಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲ ಕೊಟ್ಟಿದ್ದಾರೆ. ಮೌನ ಒಪ್ಪಿಗೆಯಲ್ಲ ಅನ್ನುವುದಕ್ಕೆ ನಾನು ಆ ದಿನದ ತನಕ ಕಾಯಬೇಕಿಲ್ಲ.

ಎಲ್ಲ ಕಡೆ ಬೇಡ ಅಂದ ಕೂಡಲೇ ಬಂದ್ ಮಾಡಲು ಬರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಕಂಪನಿಯ ನಿರ್ದೇಶಕರ ಮಂಡಳಿ ಸಭೆಯನ್ನು ವಿಡಿಯೋದಲ್ಲಿ ನಡೆಸಿದರೆ, ಕಲಾಪ ದಾಖಲಿಸಿ ಇಡುವ ವ್ಯವಸ್ಥೆ ಇರಲೇಬೇಕು ಅಂತ 2013ರ ಕಂಪನಿ ಕಾಯ್ದೆಯ 173ನೇ ಸೆಕ್ಷನ್ ಹೇಳುತ್ತದೆ. ಅಂಥ ಸಭೆಯಲ್ಲಿ ತಕರಾರು ಬಂದರೆ, ಇದು ಕಾನೂನಿನ ದಾಖಲೆ, ತೆಗೆಯಲು ಬರುವುದಿಲ್ಲ ಅಂತ ನೇರವಾಗಿ ಹೇಳುವುದೇ ಸರಿ. ಆದರೆ ಕಲಾಪ ದಾಖಲಿಸುವುದು ಬೇರೆ, ಯಂತ್ರದಿಂದ ಸಾರಾಂಶ ಬರೆಸಿ ಎಲ್ಲರಿಗೂ ಮೇಲ್ ಮಾಡುವುದು ಬೇರೆ. ಎರಡನೆಯದನ್ನು ಆ ಸೆಕ್ಷನ್ ಕೇಳುವುದಿಲ್ಲ. ಅದನ್ನು ಬಂದ್ ಮಾಡಬಹುದು.

ಇನ್ನೊಂದು ನಮ್ಮ ಕೈಯಲ್ಲಿಲ್ಲ. ಯಾರಾದರೂ ತಮ್ಮ ಕಂಪ್ಯೂಟರ್‌ನಲ್ಲೇ ಓಡುವ ಆ್ಯಪ್‌ನಿಂದ ಧ್ವನಿ ಹಿಡಿದರೆ ಚೌಕವೂ ಕಾಣುವುದಿಲ್ಲ, ಕೆಂಪು ಚುಕ್ಕೆಯೂ ಬರುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಫೋನ್ ಇಟ್ಟರೂ ಅಷ್ಟೇ. ಹಾಗಾಗಿ ಶುರುವಿನಲ್ಲಿ "ನಮ್ಮ ಕಡೆಯಿಂದ ಬಂದ್ ಇದೆ" ಅಂತ ಮಾತ್ರ ಹೇಳುತ್ತೇನೆ. "ರೆಕಾರ್ಡ್ ಆಗುತ್ತಿಲ್ಲ" ಅಂತ ಹೇಳುವುದಿಲ್ಲ. ನೀವು ಯಾರಾದರೂ ತುಂಬಿಕೊಳ್ಳುತ್ತಿದ್ದರೆ ಈಗಲೇ ಹೇಳಿ ಅಂತ ಕೇಳುತ್ತೇನೆ. ಒಬ್ಬ ಹುಡುಗ ಒಮ್ಮೆ ಹೌದು ಅಂದ, ನಿಲ್ಲಿಸಿದ. ಇನ್ನೊಬ್ಬರ ರೊಕ್ಕದ ಮಾತು ಬಂದರೆ ಅದನ್ನು ಕಾಲ್‌ಗೆ ತರುವುದನ್ನೇ ಗುಂಪು ಈಗ ಕಡಿಮೆ ಮಾಡಿದೆ. ತಂದರೂ ಆ ಮನುಷ್ಯರು ಇರುವಾಗ ಮಾತ್ರ.

ಎರಡನೇ ಕಾಲ್‌ನ ಕೊನೆಗೆ ಪುಸ್ತಕ ನೋಡಿ ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಮುಂಗಡ ತೆಗೆದುಕೊಂಡಿದ್ದ ಸದಸ್ಯೆ ಆ ದಿನ ಅಕ್ಕನ ಮನೆಗೇ ಬಂದು, ಅದೇ ಫೋನ್ ಮುಂದೆ ಕೂತಿದ್ದರು. "ಗೊಬ್ಬರದ ಮುಂಗಡ ಕೊಡಬೇಕು" ಅಂತ ನಾನು ಓದಿದ ಕೂಡಲೇ ಅವರ ದನಿ ಬಂತು.

"ಹಂಗ ಅಲ್ರಿ. ಯುಗಾದಿ ಆದ ಮ್ಯಾಲ ಕೊಡ್ತೀನಿ ಅಂತ ಬರೀರಿ."

ಹೊಡೆದುಹಾಕಿ, ಹಾಗೇ ಬರೆದೆ.